ಕೂಸಿನ ಮೈ ಕೆಂಪಾದರೆ ಯಾವ ಬಾಟ್ಲಿ ತೆಗೆದಿಡಬೇಕು? ಎಣ್ಣೆ ಮತ್ತು ವೈಪ್ಸ್ ಆರಿಸುವ ಬಗೆ

ಕಳೆದ ಆಟಿ ತಿಂಗಳಲ್ಲಿ ನನ್ನ ತಂಗಿ ಬಾಣಂತನಕ್ಕೆಂದು ನೀರ್ಚಾಲಿನ ನಮ್ಮ ಮನೆಯಲ್ಲಿದ್ದಳು. ಕೂಸಿಗೆ ಆಗ ಆರು ವಾರ. ಕೋಣೆಯ ಕಪಾಟಿನಲ್ಲಿ ಮೂರು ಎಣ್ಣೆ ಬಾಟ್ಲಿಗಳು ಸಾಲಾಗಿ ನಿಂತಿದ್ದವು. ತಂಗಿಯ ಗಂಡನಿಗೆ ಕೆಲಸ ಕಾನ್ಪುರದಲ್ಲಿ. ಅಲ್ಲಿನ ಪಕ್ಕದ ಮನೆಯವರು ಪ್ರೀತಿಯಿಂದ ಸಾಸಿವೆ ಎಣ್ಣೆ ಕೊಟ್ಟು ಕಳಿಸಿದ್ದರು, ಬೆಳ್ಳುಳ್ಳಿ ಮತ್ತು ಓಮ ಹಾಕಿ ಕಾಯಿಸಿದ್ದು. ಅಣ್ಣ ದುಬಾಯಿಯಿಂದ ಬರುವಾಗ ಬಾದಾಮಿ ಎಣ್ಣೆ ತಂದಿದ್ದ. ಜೊತೆಗೆ ಒಂದು ದೊಡ್ಡ ಕಟ್ಟು ವೈಪ್ಸ್. ಮೂರನೆಯದು ನಮ್ಮದೇ ತೋಟದ ಕೊಬ್ಬರಿ ಆಡಿಸಿದ ತೆಂಗಿನೆಣ್ಣೆ.

ಯಾರಿಗೂ ಬೇಜಾರಾಗಬಾರದು ಅಂತ ತಂಗಿ ಮೂರನ್ನೂ ಬಳಸಿದಳು. ಒಂದು ದಿನ ಅದು, ಒಂದು ದಿನ ಇದು. ಐದನೇ ದಿನ ಕೂಸಿನ ಎದೆ ಮತ್ತು ಕುತ್ತಿಗೆಯಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ. ತೊಡೆ ಮತ್ತು ಬೆನ್ನಿನ ಮೇಲೆ ಒರಟಾದ ಕೆಂಪು. ಅಂಡಿನ ಮೇಲೆ ಬೇರೆಯೇ ಒಂದು ಕೆಂಪು, ಹೊಳೆಯುವಂಥದ್ದು. ಅಮ್ಮ ವೈಪ್ಸಿನ ಕಡೆ ಬೆರಳು ತೋರಿಸಿದರು. ತಂಗಿಗೆ ಸಾಸಿವೆ ಎಣ್ಣೆಯ ಮೇಲೆ ಅನುಮಾನ. ಕೂಸನ್ನು ಮೀಯಿಸಲು ಬರುವ ಅಕ್ಕ ಮಾತ್ರ, "ಇದು ಮಳೆಗಾಲದ ಸೆಕೆ, ಮೂರು ಅಂಗಿ ಹಾಕಿದ್ದೀರಲ್ಲ" ಅಂದರು.

ಮೂವರೂ ಸ್ವಲ್ಪ ಸ್ವಲ್ಪ ಸರಿ ಇದ್ದರು. ಅದು ಗೊತ್ತಾಗಲು ನಮಗೆ ಎರಡು ವಾರ ಹಿಡಿಯಿತು. ಆ ಎರಡು ವಾರ ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೇ ಬಾಟ್ಲಿಗಳು ಕೂಡಿಬಂದಿದ್ದರೆ ಉಪಯೋಗವಾಗಬಹುದು.

ಮೊದಲು ಎಲ್ಲವನ್ನೂ ನಿಲ್ಲಿಸಿ

ಮೈ ಕೆಂಪಾದ ಕೂಡಲೇ ಇನ್ನೊಂದು ಎಣ್ಣೆ, ಇನ್ನೊಂದು ಕ್ರೀಮು ಹಚ್ಚಬೇಕು ಅನಿಸುತ್ತದೆ, ಅಲ್ವಾ? ಅಲ್ಲೇ ತಪ್ಪುವುದು. ಮೂರು ದಿನ ಏನೂ ಬೇಡ. ಎಣ್ಣೆ ಇಲ್ಲ, ಪೌಡರ್ ಇಲ್ಲ, ವೈಪ್ಸ್ ಇಲ್ಲ, ಕಡಲೆಹಿಟ್ಟು ಉಜ್ಜುವುದೂ ಇಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಮೀಯಿಸಿ, ಹಳೆಯ ಮೆತ್ತನೆ ಬೈರಾಸಿನಲ್ಲಿ ಒತ್ತಿ ಒರೆಸಿ. ಅಂಡು ತೊಳೆಯಲು ಹತ್ತಿ ಮತ್ತು ನೀರು ಸಾಕು. ತೆಳುವಾದ ಒಂದೇ ಹತ್ತಿ ಅಂಗಿ ಹಾಕಿ.

ಆ ಮೂರು ದಿನ ಕೆಂಪು ಎಲ್ಲಿದೆ ಎಂದು ನೋಡುತ್ತಾ ಇರಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕುತ್ತಿಗೆ, ಎದೆ, ಕಂಕುಳು, ಹೀಗೆ ಬೆವರುವ ಕಡೆ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆ ಇದ್ದರೆ ಅದು ಹೆಚ್ಚಾಗಿ ಬೆವರುಸಾಲೆ. ದಪ್ಪಗೆ ಹಚ್ಚಿ ಬಿಟ್ಟ ಎಣ್ಣೆ ಬೆವರಿನ ರಂಧ್ರ ಮುಚ್ಚುತ್ತದೆ, ಮೇಲೆ ಅಂಗಿ ಬಿಗಿಯಾಗಿದ್ದರೆ ಬೆವರು ಒಳಗೇ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಹಚ್ಚಿದ ಜಾಗದಲ್ಲೆಲ್ಲಾ ಚರ್ಮ ಒರಟಾಗಿ ಕೆಂಪಾಗಿದ್ದರೆ ಎಣ್ಣೆಯ ಮೇಲೆಯೇ ಅನುಮಾನ ಪಡಬೇಕು.

ಅಂಡಿನ ಕೆಂಪಿನಲ್ಲಿ ಒಂದು ಗುಟ್ಟಿದೆ. ಉಬ್ಬಿದ ಭಾಗ ಕೆಂಪಾಗಿ, ತೊಡೆಯ ಸಂದಿನ ಆಳ ಮಾತ್ರ ಬೆಳ್ಳಗೆ ಉಳಿದಿದ್ದರೆ ಒದ್ದೆ ಡೈಪರ್ ಇಲ್ಲವೇ ಉಜ್ಜಿದ ವೈಪ್ಸ್ ಕಾರಣ ಇರಬಹುದು. ಸಂದಿನ ಒಳಗೇ ಗಾಢ ಕೆಂಪು, ಸುತ್ತ ಅಲ್ಲಲ್ಲಿ ಬಿಡಿ ಬಿಡಿ ಕೆಂಪು ಚುಕ್ಕೆ ಇದ್ದರೆ ಅದು ಹೆಚ್ಚಾಗಿ ಫಂಗಸ್. ಎಣ್ಣೆ ಬದಲಿಸಿದರೆ ಅದು ಹೋಗುವುದಿಲ್ಲ, ಡಾಕ್ಟರ್ ಕೊಡುವ ಫಂಗಸ್ ಮುಲಾಮೇ ಬೇಕು.

ನಮ್ಮ ಕೂಸಿನ ಎದೆಯ ಗುಳ್ಳೆ ಎರಡೇ ದಿನದಲ್ಲಿ ಒಣಗಿತು. ಅದು ಸೆಕೆಯದ್ದೇ, ಮೀಯಿಸುವ ಅಕ್ಕ ಹೇಳಿದ್ದು ಸರಿ. ಅಂಡಿನದು ಮೂರನೇ ದಿನಕ್ಕೆ ಅರ್ಧ ಇಳಿಯಿತು. ತೊಡೆಯ ಒರಟು ಕೆಂಪು ಮಾತ್ರ ನಿಧಾನವಾಗಿ, ಒಂದು ವಾರ ತೆಗೆದುಕೊಂಡು ಹೋಯಿತು.

ಒಂದೊಂದಾಗಿ ವಾಪಸ್ ತನ್ನಿ

ಚರ್ಮ ಪೂರ್ತಿ ಸರಿಯಾದ ಮೇಲೆ ಒಂದೇ ಒಂದು ವಸ್ತು ಆರಿಸಿ. ಎರಡು ಒಟ್ಟಿಗೆ ಬೇಡ. ಎಣ್ಣೆಯಾದರೆ ಒಂದು ಹನಿ ತೆಗೆದುಕೊಂಡು ಕೂಸಿನ ಮುಂಗೈಯ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಸವರಿ. ದಿನಕ್ಕೆ ಎರಡು ಸಲ, ಮೂರು ದಿನ, ಅದೇ ಜಾಗಕ್ಕೆ. ಮೂರು ದಿನ ಯಾಕೆಂದರೆ, ಮುಟ್ಟಿದ್ದರಿಂದ ಬರುವ ಅಲರ್ಜಿ ಕೂಡಲೇ ಕಾಣುವುದಿಲ್ಲ. ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದೇ ಜಾಸ್ತಿ. ಬೆಳಿಗ್ಗೆ ಹಚ್ಚಿ ಸಂಜೆ ನೋಡಿ "ಏನೂ ಆಗಿಲ್ಲ" ಎಂದು ಮೈಗೆಲ್ಲ ಹಚ್ಚಿದರೆ ಪರೀಕ್ಷೆ ಮಾಡಿದ್ದು ಸುಮ್ನೆ ಆಗುತ್ತದೆ.

ವೈಪ್ಸಿಗೂ ಹೀಗೇ. ತೊಡೆಯ ಹೊರಭಾಗದಲ್ಲಿ ಒಂದೇ ಜಾಗವನ್ನು ದಿನಕ್ಕೆ ಎರಡು ಸಲ ಒರೆಸಿ ಮೂರು ದಿನ ಕಾಯಬೇಕು. ಅಂಡಿನ ಮೇಲೆ ಪರೀಕ್ಷೆ ಬೇಡ. ಅಲ್ಲಿ ಮೂತ್ರ ಮತ್ತು ಮಲದ ಕಾಟವೂ ಸೇರಿ ಲೆಕ್ಕ ತಪ್ಪುತ್ತದೆ.

ಒಂದು ಚೀಟಿಯಲ್ಲಿ ದಿನಾಂಕ, ವಸ್ತುವಿನ ಹೆಸರು ಬರೆದು ಕಪಾಟಿಗೆ ಅಂಟಿಸಿ. ಬಾಣಂತಿ ಇರುವ ಮನೆಯಲ್ಲಿ ನಿದ್ದೆ ಕಡಿಮೆ. ನಿನ್ನೆ ಏನು ಹಚ್ಚಿದ್ದು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಸಾಸಿವೆ ಎಣ್ಣೆ: ಬೆಚ್ಚಗೆ ಅನಿಸುವುದು ಯಾಕೆ

ಉತ್ತರ ಭಾರತದಲ್ಲಿ ತಲೆಮಾರುಗಳಿಂದ ಮಕ್ಕಳಿಗೆ ಇದನ್ನು ಹಚ್ಚುತ್ತಾರೆ. ಅವರ ಪ್ರೀತಿಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆ "ಬೆಚ್ಚಗೆ" ಎಲ್ಲಿಂದ ಬರುತ್ತದೆ ಎಂದು ತಿಳಿದಿರಬೇಕು. ಸಾಸಿವೆ ಅರೆದಾಗ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದು ಅಲೈಲ್ ಐಸೋಥಯೋಸಯನೇಟ್ ಎಂಬ ವಸ್ತು. ಚರ್ಮವನ್ನು ಅದು ಕೆರಳಿಸುತ್ತದೆ. ಕೆರಳಿದ ಜಾಗಕ್ಕೆ ರಕ್ತ ನುಗ್ಗುತ್ತದೆ, ಆಗ ಬೆಚ್ಚಗಾದ ಹಾಗೆ ಆಗುತ್ತದೆ. ದೊಡ್ಡವರ ದಪ್ಪ ಚರ್ಮ ಅದನ್ನು ತಡೆದುಕೊಳ್ಳುತ್ತದೆ. ಕೂಸಿನ ಚರ್ಮ ತೆಳು, ಅಷ್ಟು ಸುಲಭಕ್ಕೆ ತಡೆಯುವುದಿಲ್ಲ.

2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಚರ್ಮದ ಮೇಲ್ಪದರವನ್ನು ಸ್ವಲ್ಪ ಕೆಡಿಸಿ ಬೇರೆ ಬೇರೆ ಎಣ್ಣೆ ಹಚ್ಚಿ ನೋಡಿದರು. ಸೂರ್ಯಕಾಂತಿ ಎಣ್ಣೆ ಹಚ್ಚಿದ ಚರ್ಮ ಬೇಗ ಸುಧಾರಿಸಿತು. ಸಾಸಿವೆ ಎಣ್ಣೆ ಹಚ್ಚಿದ್ದು ತಡವಾಯಿತು. ಇಲಿಯ ಚರ್ಮ ಮನುಷ್ಯರದ್ದಲ್ಲ ನಿಜ. ಆದರೂ ಎಳೆ ಚರ್ಮದ ಮೇಲೆ ಇದನ್ನು ಬಳಸಲು ಮನಸ್ಸು ಹಿಂಜರಿಯಲು ಅಷ್ಟು ಸಾಕು.

ಕಾಯಿಸುವಾಗ ಹಾಕಿದ ಬೆಳ್ಳುಳ್ಳಿಯ ಮಾತು ಬೇರೆ. ಹಸಿ ಬೆಳ್ಳುಳ್ಳಿ ಚರ್ಮದ ಮೇಲೆ ಕಟ್ಟಿದರೆ ಸುಟ್ಟ ಗಾಯವೇ ಆಗುತ್ತದೆ. ಕಾಯಿಸಿದ ಮೇಲೆ ಆ ಖಾರ ಕಡಿಮೆಯಾಗುತ್ತದೆ, ಆದರೆ ಎಷ್ಟು ಉಳಿದಿದೆ ಎಂದು ಮನೆಯಲ್ಲಿ ಅಳೆಯುವ ದಾರಿಯಿಲ್ಲ.

ಇನ್ನೊಂದು ಅಪಾಯ ಕಲಬೆರಕೆ. ದತ್ತೂರಿ ಗಿಡದ ಬೀಜ ಸಾಸಿವೆಯ ಹಾಗೇ ಕಾಣುತ್ತದೆ. ಹಳದಿ ಹೂವು ಬಿಡುವ, ಮೈತುಂಬ ಮುಳ್ಳಿರುವ ಗಿಡ ಅದು. 1998ರಲ್ಲಿ ದೆಹಲಿಯಲ್ಲಿ ಅದರ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಕಾಲು ಊದಿಕೊಂಡು ಜನ ಆಸ್ಪತ್ರೆ ಸೇರಿದರು, ಹತ್ತಾರು ಜನ ತೀರಿಕೊಂಡರು. ಯಾರ ಮನೆಯಿಂದಲೋ ಬಾಟ್ಲಿಗೆ ತುಂಬಿಸಿಕೊಂಡು ಬಂದ, ಲೇಬಲ್ ಇಲ್ಲದ ಸಾಸಿವೆ ಎಣ್ಣೆ ಕೂಸಿಗೆ ಬೇಡವೇ ಬೇಡ.

ನಮ್ಮ ಕೂಸಿಗೆ ಈ ಎಣ್ಣೆಯ ಪರೀಕ್ಷೆ ಮಾಡಲಿಲ್ಲ. ತೊಡೆ ಮತ್ತು ಬೆನ್ನಿನ ಒರಟು ಕೆಂಪು, ಅದನ್ನು ಹಚ್ಚಿದ ದಿನವೇ ಶುರುವಾಗಿತ್ತು ಎಂದು ತಂಗಿಗೆ ಆಮೇಲೆ ನೆನಪಾಯಿತು. ಮತ್ತೆ ಹಚ್ಚಿ ನೋಡುವ ಅಗತ್ಯ ಕಾಣಲಿಲ್ಲ. ಆ ಬಾಟ್ಲಿ ಅಪ್ಪನ ಮಂಡಿಗೆ ಹೋಯಿತು. ಅಪ್ಪನಿಗೆ ಹಿತವಾಗಿದೆಯಂತೆ.

ಬಾದಾಮಿ ಎಣ್ಣೆ: ಮುಂದಿನ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ

ಬಾದಾಮಿ ಎಂದು ಹೆಸರಿರುವ ಬಾಟ್ಲಿಗಳಲ್ಲಿ ಎರಡು ಜಾತಿ. ಒಂದು ನಿಜವಾದ ಸಿಹಿ ಬಾದಾಮಿ ಎಣ್ಣೆ. ಅದರ ಹಿಂದೆ ಪದಾರ್ಥ ಒಂದೇ ಇರುತ್ತದೆ. ಇನ್ನೊಂದು ತಲೆಕೂದಲಿಗೆಂದು ಮಾಡಿದ "ಬಾದಾಮಿ" ಎಣ್ಣೆ. ಅಂಥದ್ದರಲ್ಲಿ ಎಷ್ಟೋ ಸಲ ಮೊದಲ ಹೆಸರೇ ಲೈಟ್ ಲಿಕ್ವಿಡ್ ಪ್ಯಾರಾಫಿನ್ ಅಥವಾ ಮಿನರಲ್ ಆಯಿಲ್. ಪಟ್ಟಿಯಲ್ಲಿ ಜಾಸ್ತಿ ಇರುವ ಪದಾರ್ಥ ಮೊದಲು ಬರುತ್ತದೆ. ಬಾದಾಮಿ ಕೊನೆಯಲ್ಲೆಲ್ಲೋ ಸುವಾಸನೆಯ ಪಕ್ಕ ಇದ್ದರೆ, ಅದು ಹೆಸರಿಗೆ ಮಾತ್ರ ಬಾದಾಮಿ. ಶುದ್ಧ ಮಿನರಲ್ ಆಯಿಲ್ ಚರ್ಮಕ್ಕೆ ವಿಷವೇನೂ ಅಲ್ಲ, ಮಾರುಕಟ್ಟೆಯ ಎಷ್ಟೋ ಬೇಬಿ ಆಯಿಲ್ ಅದೇ. ಆದರೆ ಬಾದಾಮಿಯ ಬೆಲೆ ಕೊಟ್ಟು ಅದನ್ನು ತರುವುದು ಬೇಡ. ಅದರಲ್ಲಿರುವ ಬಣ್ಣ, ಸುವಾಸನೆ ಕೂಸಿಗಂತೂ ಬೇಡ.

ಅಣ್ಣ ತಂದದ್ದು ಶುದ್ಧ ಎಣ್ಣೆಯೇ ಆಗಿತ್ತು. ಮುಂಗೈ ಪರೀಕ್ಷೆಯಲ್ಲಿ ಏನೂ ಆಗಲಿಲ್ಲ. ಆದರೂ ನಾವು ದಿನವೂ ಹಚ್ಚಲಿಲ್ಲ. ಬಾದಾಮಿ ಎಣ್ಣೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಓಲಿಕ್ ಆಮ್ಲ. ಆಲಿವ್ ಎಣ್ಣೆಯಲ್ಲೂ ಜಾಸ್ತಿ ಇರುವುದು ಅದೇ. ಚರ್ಮದ ಮೇಲ್ಪದರದಲ್ಲಿ ಇಟ್ಟಿಗೆ ನಡುವಿನ ಗಾರೆಯ ಹಾಗೆ ಕೊಬ್ಬಿನ ಪದರ ಇರುತ್ತದೆ. ಓಲಿಕ್ ಆಮ್ಲ ಆ ಗಾರೆಯನ್ನು ಸಡಿಲ ಮಾಡುತ್ತದೆ. ಚರ್ಮ ಗಟ್ಟಿಯಿರುವ ಮಗುವಿಗೆ ಅಷ್ಟೇನೂ ತೊಂದರೆ ಕಾಣದಿರಬಹುದು. ಆದರೆ ಒಣ ಚರ್ಮ, ಕೆನ್ನೆಯಲ್ಲಿ ಒರಟು ಕೆಂಪು, ಅಪ್ಪ ಅಮ್ಮನಿಗೆ ಇಸುಬು ಅಥವಾ ಉಬ್ಬಸ ಇದ್ದರೆ ಬಾದಾಮಿ ಎಣ್ಣೆ ಬಿಟ್ಟುಬಿಡಿ.

ಬೀಜಗಳ ಅಲರ್ಜಿಯ ಭಯವೂ ಇದೆ. ಕೆರಳಿದ, ಬಿರುಕು ಬಿಟ್ಟ ಚರ್ಮದ ಮೇಲೆ ತಿನ್ನುವ ವಸ್ತುವನ್ನು ಮತ್ತೆ ಮತ್ತೆ ಹಚ್ಚಿದರೆ ದೇಹ ಅದನ್ನು ಶತ್ರುವೆಂದು ಕಲಿಯುವ ಸಾಧ್ಯತೆ ಇದೆ. ಮನೆಯಲ್ಲಿ ಯಾರಿಗಾದರೂ ಬಾದಾಮಿ, ಗೇರುಬೀಜದ ಅಲರ್ಜಿ ಇದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ತೆಂಗಿನೆಣ್ಣೆ: ನಮ್ಮೂರದ್ದೇ, ಆದರೂ ನೋಡಿ ತನ್ನಿ

ಮೂರರಲ್ಲಿ ನಾನು ಆರಿಸುವುದು ಇದನ್ನೇ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ತೆಂಗಿನೆಣ್ಣೆಯಲ್ಲಿ ಓಲಿಕ್ ಆಮ್ಲ ತುಂಬಾ ಕಡಿಮೆ, ಹತ್ತಿರ ಹತ್ತಿರ ಅರ್ಧ ಭಾಗ ಲಾರಿಕ್ ಆಮ್ಲ. ಘಾಟಿಲ್ಲ, ಬೇಗ ಹಳಸುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಮೇಲೂ ಇದನ್ನು ಹಚ್ಚಿ ಪರೀಕ್ಷಿಸಿದ್ದಾರೆ. ಅಂಥ ಶಿಶುಗಳಿಗೆ ಮಾತ್ರ ಮನೆಯಲ್ಲೇ ತೀರ್ಮಾನ ಬೇಡ, ಡಾಕ್ಟರ್ ಹೇಳಿದ ಮೇಲೆ ಶುರು ಮಾಡಿ.

ಆದರೆ ತೆಂಗಿನ ನಾಡಿನಲ್ಲೇ ಕಲಬೆರಕೆ ಜಾಸ್ತಿ. 2018ರಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ಇದೇ ಕಾರಣಕ್ಕೆ ಹತ್ತಾರು ಬ್ರಾಂಡುಗಳ ತೆಂಗಿನೆಣ್ಣೆಯನ್ನು ನಿಷೇಧಿಸಿತ್ತು. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ. ಪಾರದರ್ಶಕ ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಫ್ರೀಜರಿನಲ್ಲಲ್ಲ, ಕೆಳಗೆ. ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಸೇರಿದ್ದರೆ ಅದು ಗಟ್ಟಿಯಾಗದೆ ಬೇರೆ ಪದರವಾಗಿ ನಿಲ್ಲುತ್ತದೆ. ಇದರಿಂದ ಎಲ್ಲ ಕಳ್ಳತನವೂ ಸಿಕ್ಕಿಬೀಳುವುದಿಲ್ಲ. ತಾಳೆಬೀಜದ ಎಣ್ಣೆ ತೆಂಗಿನೆಣ್ಣೆಯ ಹಾಗೇ ಗಟ್ಟಿಯಾಗುತ್ತದೆ. ಅದಕ್ಕೇ ಕೂಸಿಗೆ ಬೇಕಾದ ಒಂದು ಬಾಟ್ಲಿಯನ್ನಾದರೂ ಕಣ್ಣೆದುರೇ ಆಡಿಸಿ ತರುವುದು ಒಳ್ಳೆಯದು.

ಕೊಬ್ಬರಿಯ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಬೂಸು ಹಿಡಿಯಬಾರದೆಂದು ಕೊಬ್ಬರಿಗೆ ಗಂಧಕದ ಹೊಗೆ ಕೊಡುವ ರೂಢಿ ಇದೆ. ಕೂಸಿನ ಎಣ್ಣೆಗೆ ಬೇಸಗೆಯ ಬಿಸಿಲಿನಲ್ಲಿ ಒಣಗಿದ, ಮುರಿದರೆ ಟಕ್ಕನೆ ತುಂಡಾಗುವ, ಒಳಗೆ ಕಪ್ಪಿಲ್ಲದ ಕೊಬ್ಬರಿ ಎತ್ತಿಡಿ.

ತೆಂಗಿನ ಹಾಲು ಕಾಯಿಸಿ ತೆಗೆಯುವ ಎಣ್ಣೆ, ಮಲಯಾಳದವರು ಉರುಕ್ಕು ವೆಳಿಚ್ಚೆಣ್ಣ ಅನ್ನುತ್ತಾರಲ್ಲ, ಅದೂ ಒಳ್ಳೆಯದು. ಕಾಯಿ ತುರಿದು ಹಾಲು ಹಿಂಡಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಬೇಕು. ಮೊದಲು ಕೊತ ಕೊತ ಕುದಿಯುತ್ತದೆ, ಆಮೇಲೆ ಮೊಸರೊಡೆದ ಹಾಗೆ ಆಗುತ್ತದೆ, ಆಮೇಲೆ ಎಣ್ಣೆ ಬಿಡುತ್ತದೆ. ಗಸಿ ಹೊಂಬಣ್ಣಕ್ಕೆ ತಿರುಗಿ, ಗುಳ್ಳೆ ಏಳುವ ಸದ್ದು ನಿಂತ ಮೇಲೆಯೇ ಇಳಿಸಬೇಕು. ಅದಕ್ಕೂ ಮೊದಲು ಇಳಿಸಿದರೆ ನೀರಿನಂಶ ಉಳಿಯುತ್ತದೆ, ಹದಿನೈದು ದಿನದಲ್ಲೇ ಕನರು ವಾಸನೆ ಬರಬಹುದು. ಗಸಿ ಕಪ್ಪಾಗುವವರೆಗೂ ಬಿಡಬೇಡಿ, ಎಣ್ಣೆಗೆ ಕಮಟು ಹತ್ತುತ್ತದೆ. ಬಿಳಿ ಬಟ್ಟೆಯಲ್ಲಿ ಸೋಸಿ, ಪೂರ್ತಿ ಒಣಗಿದ ಗಾಜಿನ ಬಾಟ್ಲಿಗೆ ತುಂಬಿಸಿ.

ನಮ್ಮ ಕಡೆಯ ಆಯುರ್ವೇದ ಅಂಗಡಿಗಳಲ್ಲಿ ಲಾಕ್ಷಾದಿ ಕೇರ, ನಾಲ್ಪಾಮರಾದಿ ಕೇರ ಎಂದು ಸಿಗುತ್ತವೆ. "ಕೇರ" ಅಂದರೆ ತೆಂಗಿನೆಣ್ಣೆಯಲ್ಲಿ ಮಾಡಿದ್ದು. "ತೈಲ" ಎಂದಿದ್ದರೆ ಸಾಮಾನ್ಯವಾಗಿ ಎಳ್ಳೆಣ್ಣೆ. ಇವುಗಳಲ್ಲಿ ಹಲವಾರು ಗಿಡಮೂಲಿಕೆ ಇರುವುದರಿಂದ ಮೂರು ದಿನದ ಪರೀಕ್ಷೆಯನ್ನು ಬಿಡಲೇಬೇಡಿ.

ಹಚ್ಚುವ ರೀತಿ

ಹಾಲು ಕುಡಿದು ಮುಕ್ಕಾಲು ಗಂಟೆ ಆಗಿರಲಿ. ಬಳೆ, ಉಂಗುರ ತೆಗೆದು ಉಗುರು ನೋಡಿಕೊಳ್ಳಿ. ಆಟಿಯ ಚಳಿಗೆ ತೆಂಗಿನೆಣ್ಣೆ ಬಾಟ್ಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಅದು ಕರಗುವುದು ಸುಮಾರು 25 ಡಿಗ್ರಿಗೆ. ಒಲೆಯ ಮೇಲೆ ಇಡಬೇಡಿ. ಒಂದು ಚಿಕ್ಕ ಬಟ್ಟಲಿಗೆ ಬೇಕಾದಷ್ಟು ತೆಗೆದು ಆ ಬಟ್ಟಲನ್ನು ಬಿಸಿ ನೀರಿನಲ್ಲಿ ಇಟ್ಟರೆ ಸಾಕು. ನಿಮ್ಮ ಮುಂಗೈ ಒಳಭಾಗಕ್ಕೆ ಹಚ್ಚಿ ಬಿಸಿ ನೋಡಿ.

ನಾಲ್ಕು ಕಿಲೋ ತೂಕದ ಕೂಸಿಗೆ ಒಂದು ಸಣ್ಣ ಚಮಚ ಎಣ್ಣೆ ಸಾಕು. ಕೈ ಜಾರುವಷ್ಟು ಇದ್ದರೆ ಆಯಿತು, ತೊಟ್ಟಿಕ್ಕಬೇಕಿಲ್ಲ. ಮೊದಲು ಎಣ್ಣೆಯನ್ನು ನಿಮ್ಮ ಅಂಗೈಗೆ ಹಚ್ಚಿಕೊಂಡು ಕಾಲಿನಿಂದ ಶುರು ಮಾಡಿ. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ. ಕೂಸು ಅತ್ತರೆ ನಿಲ್ಲಿಸಿ. ಹತ್ತು ನಿಮಿಷದ ತಿಕ್ಕುವಿಕೆ ಸಾಕು. ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಎಣ್ಣೆ ತುಂಬಬೇಡಿ. ಅರ್ಧ ಗಂಟೆಯೊಳಗೆ ಮೀಯಿಸಿಬಿಡಿ. ಏಪ್ರಿಲ್, ಮೇ ತಿಂಗಳ ಬೇಸಗೆಯಲ್ಲಿ ದಿನವೂ ಬೇಡ, ವಾರಕ್ಕೆ ಎರಡು ಮೂರು ಸಲ ಸಾಕು. ಎಣ್ಣೆ ಕೈಯಲ್ಲಿ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ನಡೆಯಬೇಡಿ. ಮೊದಲು ಕೈ ಒರೆಸಿ, ಕೂಸನ್ನು ಬೈರಾಸಿನಲ್ಲಿ ಸುತ್ತಿ ಎತ್ತಿ.

ಹಿರಿಯರ ಜೊತೆ ಗಟ್ಟಿಯಾಗಿ ಹೇಳಲೇಬೇಕಾದ ಎರಡು ಮಾತು ಇಲ್ಲಿದೆ. ಮೂಗು, ಕಿವಿ, ಬಾಯಿಗೆ ಎಣ್ಣೆ ಬಿಡಲೇಬಾರದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಉಳಿದು ನ್ಯುಮೋನಿಯಾ ಮಾಡುತ್ತದೆ. ಮಾಮೂಲಿ ಆಂಟಿಬಯೋಟಿಕ್ಕಿಗೆ ಅದು ಬಗ್ಗುವುದಿಲ್ಲ. ಇನ್ನೊಂದು, ಹುಟ್ಟಿದ ಕೂಸಿನ ಎದೆ ಊದಿಕೊಂಡಿದ್ದರೆ ಹಿಂಡಬಾರದು. ತಾಯಿಯ ಹಾರ್ಮೋನಿನಿಂದ ಬಂದ ಊತ ಅದು, ತಾನಾಗಿ ಇಳಿಯುತ್ತದೆ. ಹಿಂಡಿದರೆ ಕೀವಾಗಬಹುದು. ನಮ್ಮಲ್ಲಿ ಮೀಯಿಸುವ ಅಕ್ಕ ಮೊದಲ ದಿನ ಮೂಗಿಗೆ ಹನಿ ಬಿಡಲು ಹೋದಾಗ ತಂಗಿ, "ಅಕ್ಕಾ, ಅದೊಂದು ಬೇಡ, ಡಾಕ್ಟ್ರು ಬಿಡಬೇಡಿ ಅಂದಿದ್ದಾರೆ" ಅಂದಳು. ಅಕ್ಕ ಒಂದು ಕ್ಷಣ ಸುಮ್ಮನಾಗಿ, "ಆಯ್ತಮ್ಮ, ನಿನ್ನ ಕೂಸು" ಅಂದು ಬಾಟ್ಲಿ ಕೆಳಗಿಟ್ಟರು. ಡಾಕ್ಟರ ಹೆಸರು ಹೇಳಿದರೆ ಯಾರ ಮನಸ್ಸೂ ನೋಯುವುದಿಲ್ಲ.

ತಲೆಯ ಮೇಲೆ ಹಳದಿ ಹಕ್ಕಳೆ ಕಟ್ಟಿದ್ದರೆ ಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟು, ಮೆತ್ತನೆ ಬ್ರಷ್ಷಿನಲ್ಲಿ ಸಡಿಲಿಸಿ ತೊಳೆದುಬಿಡಿ. ರಾತ್ರಿಯಿಡೀ ಬಿಡಬೇಡಿ. ಹಕ್ಕಳೆಯ ಜೊತೆಗಿರುವ ಒಂದು ಬಗೆಯ ಯೀಸ್ಟ್ ಬೆಳೆಯುವುದೇ ಕೊಬ್ಬಿನಂಶ ತಿಂದು.

ಈಗ ವೈಪ್ಸ್ ಪ್ಯಾಕೆಟ್ಟು

ಎಣ್ಣೆಯಲ್ಲಿ ಪದಾರ್ಥ ಒಂದೇ. ವೈಪ್ಸಿನಲ್ಲಿ ಹತ್ತು ಹದಿನೈದು. ಮುಂದೆ "ಶುದ್ಧ ನೀರು", "ಮೃದು", "ಆಲ್ಕೋಹಾಲ್ ಇಲ್ಲ" ಎಂದು ದೊಡ್ಡದಾಗಿ ಬರೆದಿರುತ್ತದೆ. ನೀವು ಓದಬೇಕಾದ್ದು ಹಿಂದಿನ ಸಣ್ಣ ಅಕ್ಷರ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡ ಮಾಡಿ ನೋಡಿ, ನಾವೂ ಹಾಗೇ ಮಾಡಿದ್ದು.

ಒದ್ದೆ ಬಟ್ಟೆ ತಿಂಗಳುಗಟ್ಟಲೆ ಪ್ಯಾಕೆಟ್ಟಿನಲ್ಲಿದ್ದೂ ಬೂಸು ಹಿಡಿಯಬಾರದು ಅಂದರೆ ಏನಾದರೂ ಸಂರಕ್ಷಕ ಇರಲೇಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಅದು ಯಾವುದು ಎಂಬುದು. ಸೋಡಿಯಂ ಬೆಂಝೋಯೇಟ್ ಮತ್ತು ಸಿಟ್ರಿಕ್ ಆಮ್ಲ ಇದ್ದರೆ ಹೆದರಬೇಕಿಲ್ಲ. ಸಿಟ್ರಿಕ್ ಆಮ್ಲ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಚರ್ಮ ಸ್ವಲ್ಪ ಹುಳಿ ಗುಣದ್ದು. ಒದ್ದೆ ಡೈಪರಿನೊಳಗೆ ಆ ಹುಳಿ ಕಡಿಮೆಯಾಗುತ್ತದೆ, ಆಗ ಮಲದಲ್ಲಿರುವ ಕಿಣ್ವಗಳು ಚುರುಕಾಗಿ ಚರ್ಮ ಕಡಿಯುತ್ತವೆ. ಹುಳಿ ಸೇರಿಸಿದ ವೈಪ್ಸ್ ಅದನ್ನು ಸ್ವಲ್ಪ ತಡೆಯುತ್ತದೆ.

ಬೇಡವೆಂದು ಪಕ್ಕಕ್ಕಿಡಬೇಕಾದ ಮೊದಲ ಹೆಸರು ಮೀಥೈಲ್ ಐಸೋಥಯಾಝೋಲಿನೋನ್. ಎಂ ಅಕ್ಷರದಿಂದ ಶುರುವಾಗಿ "ಥಯಾಝೋಲಿನೋನ್" ಎಂದು ಮುಗಿಯುವ ಉದ್ದ ಹೆಸರು. ಅದರ ಅಣ್ಣನೊಬ್ಬ ಇದ್ದಾನೆ, ನಡುವೆ "ಕ್ಲೋರೋ" ಸೇರಿರುತ್ತದೆ. ಎರಡೂ ಚರ್ಮದ ಅಲರ್ಜಿಗೆ ಹೆಸರುವಾಸಿ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರಲ್ಲಿ ಮೊದಲನೆಯದನ್ನು ವರ್ಷದ ಅಲರ್ಜಿಕಾರಕ ಎಂದು ಗುರುತಿಸಿತು. ಯುರೋಪಿನಲ್ಲಿ 2017ರಿಂದ ವೈಪ್ಸಿನಂಥ, ಹಚ್ಚಿ ತೊಳೆಯದೆ ಬಿಡುವ ವಸ್ತುಗಳಲ್ಲಿ ಇದನ್ನು ಬಳಸುವಂತಿಲ್ಲ. "ತೊಳೆಯದೆ ಬಿಡುವ" ಎಂಬ ಮಾತನ್ನು ಗಮನಿಸಿ. ವೈಪ್ಸಿನಲ್ಲಿ ಒರೆಸಿದ ಮೇಲೆ ನಾವು ನೀರು ಹಾಕುವುದಿಲ್ಲ. ಅದರಲ್ಲಿರುವುದೆಲ್ಲ ಚರ್ಮದ ಮೇಲೇ ಒಣಗುತ್ತದೆ, ಮೇಲೆ ಡೈಪರ್ ಮುಚ್ಚಳದ ಹಾಗೆ ಕೂರುತ್ತದೆ.

ಎರಡನೆಯದು ಡಿಎಂಡಿಎಂ ಹೈಡಾಂಟೋಯಿನ್, ಬ್ರೋನೋಪೋಲ್, ಕ್ವಾಟರ್ನಿಯಂ 15. ಇವು ಸ್ವಲ್ಪ ಸ್ವಲ್ಪವಾಗಿ ಫಾರ್ಮಾಲ್ಡಿಹೈಡ್ ಬಿಡುತ್ತಾ ಸೂಕ್ಷ್ಮಾಣುಗಳನ್ನು ಕೊಲ್ಲುತ್ತವೆ. ಫಿನಾಕ್ಸಿಎಥೆನಾಲ್ ಎಷ್ಟೋ ವೈಪ್ಸಿನಲ್ಲಿ ಇರುತ್ತದೆ, ನಿಯಮದಂತೆ ನೂರಕ್ಕೆ ಒಂದು ಪಾಲು ಮೀರಬಾರದು. ಆದರೂ ಫ್ರಾನ್ಸಿನ ಔಷಧ ಸುರಕ್ಷಾ ಸಂಸ್ಥೆ 2012ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಡೈಪರ್ ಜಾಗಕ್ಕೆ ಅದು ಬೇಡ ಎಂದು ಸಲಹೆ ಕೊಟ್ಟಿತ್ತು. ಬೇರೆ ಪ್ಯಾಕೆಟ್ ಸಿಗುವಾಗ ನಾನು ಅದನ್ನು ಆರಿಸುವುದಿಲ್ಲ.

ಮೂರನೆಯದು ಸುವಾಸನೆ. ಪರ್ಫ್ಯೂಮ್, ಫ್ರಾಗ್ರನ್ಸ್ ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಇರಬಹುದು, ಕಂಪನಿ ಅವೆಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಕೂಸಿನ ಅಂಡಿಗೆ ಮಲ್ಲಿಗೆ ಪರಿಮಳ ಯಾಕೆ ಬೇಕು?

ಆಲ್ಕೋಹಾಲ್ ಎಂಬ ಪದಕ್ಕೆ ಮಾತ್ರ ಅವಸರ ಮಾಡಬೇಡಿ. ಸೀಟೈಲ್, ಸೀಟಿಯರೈಲ್ ಆಲ್ಕೋಹಾಲ್ ಎಂದಿದ್ದರೆ ಅವು ಮೇಣದಂಥ ಮೆತ್ತನೆ ವಸ್ತುಗಳು, ಚರ್ಮ ಒಣಗಿಸುವುದಿಲ್ಲ. ಒಣಗಿಸುವುದು ಎಥೆನಾಲ್ ಅಥವಾ ಡಿನೇಚರ್ಡ್ ಆಲ್ಕೋಹಾಲ್.

ಅಣ್ಣ ತಂದ ಪ್ಯಾಕೆಟ್ಟಿನಲ್ಲಿ ಮೀಥೈಲ್ ಐಸೋಥಯಾಝೋಲಿನೋನ್ ಇತ್ತು, ಸುವಾಸನೆಯೂ ಇತ್ತು. ತೊಡೆಯ ಪರೀಕ್ಷೆಯಲ್ಲಿ ಎರಡನೇ ದಿನ ಸಂಜೆ ಒರೆಸಿದ ಚೌಕದಷ್ಟೇ ಜಾಗ ತೆಳುವಾಗಿ ಕೆಂಪಾಯಿತು. ಅಮ್ಮನ ಅನುಮಾನವೂ ಸರಿಯಾಯಿತು. ಎರಡರಲ್ಲಿ ಯಾವುದು ಕಾರಣ ಎಂದು ತಿಳಿಯಬೇಕಾದರೆ ಚರ್ಮ ತಜ್ಞರ ಪ್ಯಾಚ್ ಪರೀಕ್ಷೆ ಬೇಕು. ನಮಗೆ ಅದು ಬೇಕಾಗಿರಲಿಲ್ಲ. ಆ ಪ್ಯಾಕೆಟ್ಟಿನಿಂದ ಈಗ ಮೇಜು ಒರೆಸುತ್ತೇವೆ.

ವೈಪ್ಸನ್ನು ಪೂರ್ತಿ ಬಿಡಬೇಕೆಂದಿಲ್ಲ. ಮನೆಯಲ್ಲಿ ನೀರು ಮತ್ತು ಹತ್ತಿ, ಇಲ್ಲವೇ ಹಳೆ ಪಂಚೆಯ ತುಂಡು. ಲಸಿಕೆಗೆಂದು ಕಾಸರಗೋಡಿಗೋ ಮಂಗಳೂರಿಗೋ ಬಸ್ಸಿನಲ್ಲಿ ಹೋಗುವಾಗ ವೈಪ್ಸ್. ಒರೆಸುವಾಗ ಮುಂದಿನಿಂದ ಹಿಂದಕ್ಕೆ, ಉಜ್ಜದೆ, ಒಂದರಲ್ಲಿ ಒಂದೇ ಸಲ. ಆಮೇಲೆ ಒಣ ಬಟ್ಟೆಯಲ್ಲಿ ಒತ್ತಿ ತೇವ ತೆಗೆದು ಎರಡು ನಿಮಿಷ ಗಾಳಿಗೆ ಬಿಟ್ಟು ಡೈಪರ್ ಹಾಕಿ. ಮನೆಗೆ ಬಂದ ಕೂಡಲೇ ಆ ಜಾಗ ನೀರಲ್ಲಿ ತೊಳೆಯಿರಿ. ಪ್ಯಾಕೆಟ್ಟಿನ ಮುಚ್ಚಳ ಸರಿಯಾಗಿ ಅಂಟದಿದ್ದರೆ ನಮ್ಮ ಮಳೆಗಾಲಕ್ಕೆ ಬೇಗ ಕೆಡುತ್ತದೆ. ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಕಕ್ಕಸಿಗೆ ಹಾಕಬೇಡಿ, ಆ ಬಟ್ಟೆಯಲ್ಲಿ ಪ್ಲಾಸ್ಟಿಕ್ ನೂಲು ಇರುತ್ತದೆ, ಗುಂಡಿ ಕಟ್ಟುತ್ತದೆ.

ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದ್ದು

ಎಲ್ಲ ನಿಲ್ಲಿಸಿ ಮೂರು ದಿನ ಆದರೂ ಕೆಂಪು ಇಳಿಯದಿದ್ದರೆ, ಸಂದಿನೊಳಗೆ ಗಾಢ ಕೆಂಪು ಇದ್ದರೆ, ಕೀವು, ನೀರು ಗುಳ್ಳೆ, ಹಳದಿ ಹೊಪ್ಪಳೆ ಕಂಡರೆ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಾಲು ಕುಡಿಯದೆ ಮಂಕಾಗಿದ್ದರೆ ಅವತ್ತೇ ಹೋಗಿ. ಎಣ್ಣೆ ಹಚ್ಚಿದ ಮೇಲೆ ಕೆಮ್ಮು, ಉಸಿರಾಟದ ಏರಿಳಿತ ಶುರುವಾದರೆ ಮೂಗಿಗೆ ಎಣ್ಣೆ ಹೋಗಿತ್ತೇ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಹೋಗುವಾಗ ಹಚ್ಚಿದ ಬಾಟ್ಲಿ, ವೈಪ್ಸ್ ಪ್ಯಾಕೆಟ್, ಕಪಾಟಿಗೆ ಅಂಟಿಸಿದ ಆ ಚೀಟಿ, ಮೂರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.